ವೆರಿಫಿಕೇಶನ್ ಫಾರ್ಮಿನಲ್ಲಿ ಈಗಿನ ಮ್ಯಾನೇಜರ್ ನಂಬರ್ ಕೇಳಿದರೆ

ಪ್ರಶ್ನೆ: ಪೀಣ್ಯದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷದಿಂದ ಕ್ವಾಲಿಟಿ ಎಂಜಿನಿಯರ್ ಆಗಿದ್ದೇನೆ. ಬೇರೊಂದು ದೊಡ್ಡ ಕಂಪನಿಯ ಇಂಟರ್‌ವ್ಯೂ ಪಾಸಾಗಿದೆ, ಆಫರ್ ಲೆಟರ್ ಮಾತ್ರ ಇನ್ನೂ ಬಂದಿಲ್ಲ. ಕನ್ಸಲ್ಟೆನ್ಸಿಯವರು ವೆರಿಫಿಕೇಶನ್ ಲಿಂಕ್ ಕಳಿಸಿ, ಈಗಿನ ಮ್ಯಾನೇಜರ್ ಹೆಸರು, ಇಮೇಲ್, ಮೊಬೈಲ್ ತುಂಬಿ, ಅವರ ಹತ್ತಿರ ಮಾತಾಡಿದ ಮೇಲೇ ಫೈಲ್ ಮುಂದೆ ಹೋಗುತ್ತದೆ ಎನ್ನುತ್ತಿದ್ದಾರೆ. ನಾನು ಕೆಲಸ ಹುಡುಕುತ್ತಿರುವುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಕೊಟ್ಟರೆ ಈ ಕೆಲಸಕ್ಕೆ ಕುತ್ತು, ಕೊಡದಿದ್ದರೆ ಆ ಕೆಲಸ ಕೈ ತಪ್ಪುತ್ತದೆ. ಏನು ಮಾಡಲಿ?

ಉತ್ತರ: ಈಗ ಕೊಡಬೇಡಿ. ಅಷ್ಟೇ ಅಲ್ಲ, ನಂಬರನ್ನು ಬರೆದು ಪಕ್ಕದಲ್ಲಿ "ದಯವಿಟ್ಟು ಈಗ ಕರೆ ಮಾಡಬೇಡಿ" ಎಂದು ಸೇರಿಸುವ ಮಧ್ಯದ ದಾರಿಯನ್ನೂ ಹಿಡಿಯಬೇಡಿ. ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ಆಗಿದ್ದು ಈ ಮಧ್ಯದ ದಾರಿಯಿಂದಲೇ. ಅದು ಏಕೆ ಹಾಗೆ ಎಂಬುದು ತಿಳಿಯಬೇಕಾದರೆ ನೀವು ತುಂಬುವ ಫಾರ್ಮು ಯಾರ ಯಾರ ಕೈ ದಾಟಿ ಹೋಗುತ್ತದೆ ಎಂಬುದನ್ನು ನೋಡಬೇಕು.

ನಿಮ್ಮ ವಿಷಯದಲ್ಲಿ ಮೂರು ಪಕ್ಷಗಳಿವೆ. ಮೊದಲನೆಯದು ನಿಮ್ಮ ಜೊತೆ ಮಾತಾಡುತ್ತಿರುವ ಕನ್ಸಲ್ಟೆನ್ಸಿ, ಎರಡನೆಯದು ನಿಮ್ಮನ್ನು ನೇಮಿಸಿಕೊಳ್ಳಲಿರುವ ಕಂಪನಿಯ ಎಚ್‌ಆರ್ ವಿಭಾಗ, ಮೂರನೆಯದು ಆ ಕಂಪನಿ ಗೊತ್ತುಮಾಡಿರುವ ಹಿನ್ನೆಲೆ ಪರಿಶೀಲನೆಯ ಏಜೆನ್ಸಿ. "ಈಗ ಕರೆ ಮಾಡಬೇಡಿ" ಎಂಬ ನಿಮ್ಮ ಮಾತು ತಲುಪುವುದು ಮೊದಲನೆಯವರಿಗೆ, ಆದರೆ ಫೋನ್ ಎತ್ತಿಕೊಂಡು ಕರೆ ಮಾಡುವವರು ಮೂರನೆಯವರು. ಏಜೆನ್ಸಿಯ ಮೇಜಿನಲ್ಲಿ ಕುಳಿತ ಹುಡುಗನಿಗೆ ಕಾಣಿಸುವುದು ಹೆಸರು, ಇಮೇಲ್, ಮೊಬೈಲ್ ಎಂಬ ಮೂರು ಖಾನೆಗಳು ಮತ್ತು ಇಷ್ಟು ದಿನದೊಳಗೆ ಕೇಸ್ ಮುಗಿಸಬೇಕೆಂಬ ಗಡುವು ಮಾತ್ರ. ಕೆಲವು ಏಜೆನ್ಸಿಗಳಲ್ಲಂತೂ ಇಮೇಲ್ ಖಾನೆ ತುಂಬಿದ ಕೂಡಲೇ ಆ ವಿಳಾಸಕ್ಕೆ ಪ್ರಶ್ನಾವಳಿ ತಾನಾಗಿಯೇ ಹೊರಡುತ್ತದೆ, ಅಲ್ಲಿ ಮನುಷ್ಯರು ನಿಮ್ಮ ಟಿಪ್ಪಣಿಯನ್ನು ಓದುವ ಸಂದರ್ಭವೇ ಬರುವುದಿಲ್ಲ.

ಈ ಮಾತನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಅಭ್ಯರ್ಥಿಯೊಬ್ಬರು ತಮ್ಮ ಮೇಲಧಿಕಾರಿಯ ನಂಬರನ್ನು ಕೊಟ್ಟು, ರಾಜೀನಾಮೆಯ ನಂತರವೇ ಸಂಪರ್ಕಿಸಬೇಕೆಂದು ನನಗೆ ಪ್ರತ್ಯೇಕ ಇಮೇಲ್‌ನಲ್ಲಿ ಬರೆದಿದ್ದರು. ನಾನು ಫಾರ್ಮನ್ನು ಏಜೆನ್ಸಿಗೆ ಕಳಿಸಿದೆ, ಇಮೇಲನ್ನು ಕಳಿಸಲಿಲ್ಲ. ಎರಡೇ ದಿನದಲ್ಲಿ ಕರೆ ಹೋಯಿತು. ಅವರ ಮೇಲಧಿಕಾರಿ ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಅದೇ ವಾರ ಅವರ ಕೈಯಲ್ಲಿದ್ದ ಮುಖ್ಯ ಗ್ರಾಹಕರ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಅವರು ನಂಬಿಕೆಯಿಂದ ಕೊಟ್ಟ ಮಾಹಿತಿ ನನ್ನ ಅಜಾಗ್ರತೆಯಿಂದ ಹೊರಬಿತ್ತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಗೋಪ್ಯವಾಗಿ ಉಳಿಯಬೇಕಾದ ನಂಬರು ಫಾರ್ಮಿನಲ್ಲಿ ಇರಲೇಬಾರದು.

ಖಾನೆಯನ್ನು ಖಾಲಿ ಬಿಟ್ಟರೆ ನಿಮ್ಮ ಹೆಸರಿಗೆ ಕಪ್ಪುಚುಕ್ಕೆ ಬೀಳುತ್ತದೆ ಎಂಬ ಭಯ ಬೇಡ. ಪರಿಶೀಲನೆಯ ಏಜೆನ್ಸಿಗಳ ಭಾಷೆಯಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ನೀವು ಹೇಳಿದ್ದಕ್ಕೂ ಅವರಿಗೆ ಕಂಡದ್ದಕ್ಕೂ ತಾಳೆಯಾಗದಿದ್ದರೆ ಅದನ್ನು ಅವರು "ಡಿಸ್ಕ್ರಿಪೆನ್ಸಿ" ಎನ್ನುತ್ತಾರೆ. ಅದು ಗಂಭೀರ, ವರದಿಯಲ್ಲಿ ಕೆಂಪು ಬಣ್ಣಕ್ಕೆ ಹೋಗುವುದು ಅದು. ಬೇಕಾದ ಮಾಹಿತಿ ಇನ್ನೂ ಬಂದಿಲ್ಲವಾದರೆ ಅದು "ಇನ್‌ಸಫಿಶಿಯೆನ್ಸಿ". ಅಂದರೆ ಆ ಒಂದು ಅಂಶ ಬಾಕಿ ನಿಂತಿದೆ ಎಂದಷ್ಟೇ ಅರ್ಥ. ಓದು, ವಿಳಾಸ, ಹಿಂದಿನ ಕೆಲಸ ಇವುಗಳ ಪರಿಶೀಲನೆ ಅದರಿಂದ ನಿಲ್ಲಬೇಕಾಗಿಲ್ಲ. ಈಗಿನ ಉದ್ಯೋಗದಾತರ ಪರಿಶೀಲನೆಯನ್ನು ಅಭ್ಯರ್ಥಿ ಅಲ್ಲಿಂದ ಬಿಡುಗಡೆಯಾದ ಮೇಲೆ ಮಾಡುವುದು ನಮ್ಮಲ್ಲಿ ಬಹಳ ಸಾಮಾನ್ಯವಾದ ರೂಢಿ. ಆದ್ದರಿಂದಲೇ ಅನೇಕ ಫಾರ್ಮುಗಳಲ್ಲಿ ಈಗಲೇ ಸಂಪರ್ಕಿಸಬಹುದೇ, ಇಲ್ಲವಾದರೆ ಯಾವ ದಿನಾಂಕದ ನಂತರ ಎಂದು ಕೇಳುವ ಖಾನೆ ಇರುತ್ತದೆ. ಅಲ್ಲಿ "ಇಲ್ಲ" ಎಂದು ಗುರುತು ಹಾಕಿ, ದಿನಾಂಕದ ಜಾಗದಲ್ಲಿ "ರಾಜೀನಾಮೆ ಅಂಗೀಕಾರವಾದ ನಂತರ" ಎಂದು ಬರೆಯಿರಿ. ನಂಬರ್ ತುಂಬದೆ ಫಾರ್ಮು ಮುಂದಕ್ಕೆ ಹೋಗುವುದೇ ಇಲ್ಲವಾದರೆ ಸುಳ್ಳು ಅಂಕಿ ಒತ್ತಬೇಡಿ. ಫಾರ್ಮನ್ನು ಅಲ್ಲಿಗೇ ನಿಲ್ಲಿಸಿ, ತೆರೆಯ ಚಿತ್ರ ತೆಗೆದು, ಈ ಖಾನೆಯನ್ನು ಬಿಟ್ಟು ಮುಂದುವರಿಯಲು ಅವಕಾಶ ಮಾಡಿಕೊಡಿ ಎಂದು ಎಚ್‌ಆರ್‌ಗೆ ಬರೆಯಿರಿ.

ಫಾರ್ಮಿನ ಕೊನೆಯಲ್ಲಿ ಸಹಿ ಹಾಕಲು ಕೊಡುವ ಒಪ್ಪಿಗೆ ಪತ್ರವನ್ನೂ ಒಮ್ಮೆ ನಿಧಾನವಾಗಿ ಓದಿ. ಅದರಲ್ಲಿ ಸಾಮಾನ್ಯವಾಗಿ "ನನ್ನ ಹಿಂದಿನ ಮತ್ತು ಪ್ರಸ್ತುತ ಎಲ್ಲ ಉದ್ಯೋಗದಾತರನ್ನು ಸಂಪರ್ಕಿಸಲು ಅಧಿಕಾರ ನೀಡುತ್ತೇನೆ" ಎಂಬ ಅರ್ಥದ ಸಾಲಿರುತ್ತದೆ. ನೀವು ಮೇಲಿನ ಖಾನೆಯಲ್ಲಿ ಬೇಡವೆಂದು ಬರೆದು ಕೆಳಗೆ ಇದಕ್ಕೆ ಸಹಿ ಹಾಕಿದರೆ ಎರಡನೆಯದೇ ನಿಮ್ಮ ಮಾತೆಂದು ಯಾರಾದರೂ ವಾದಿಸಬಹುದು. ಕಾಗದದ ಮೇಲಾದರೆ "ಪ್ರಸ್ತುತ" ಎಂಬ ಪದವನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ. ಆನ್‌ಲೈನ್ ಆದರೆ ಸಹಿ ಮಾಡಿದ ದಿನವೇ ಈ ಮಿತಿಯನ್ನು ಹೇಳುವ ಇಮೇಲ್ ಕಳಿಸಿ.

ಇನ್ನು, ಅವರಿಗೆ ನಿಜವಾಗಿ ಬೇಕಾಗಿರುವುದು ಏನು? ನೀವು ಅಲ್ಲಿ ಕೆಲಸ ಮಾಡುತ್ತಿರುವುದು ಹೌದೇ, ಎಂದಿನಿಂದ, ಹೇಳಿದ ಸಂಬಳ ನಿಜವೇ. ಇವಿಷ್ಟಕ್ಕೂ ಮ್ಯಾನೇಜರ್ ಅವರ ಬಾಯಿಮಾತಿಗಿಂತ ಗಟ್ಟಿಯಾದ ದಾಖಲೆ ನಿಮ್ಮ ಕೈಯಲ್ಲೇ ಇದೆ. ಸಂಬಳದ ಸ್ಲಿಪ್ ಒಂದನ್ನೇ ಕೊಟ್ಟರೆ ಅದು ಸಾಲದು ಎಂದು ಅವರು ಹೇಳುವುದರಲ್ಲಿ ನ್ಯಾಯವಿದೆ, ಏಕೆಂದರೆ ಅದನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ತಯಾರಿಸಬಹುದು. ಆದರೆ ಒಂದೇ ತಿಂಗಳ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಪಿಎಫ್ ಪಾಸ್‌ಬುಕ್ ಮೂರನ್ನೂ ಒಟ್ಟಿಗೆ ಇಟ್ಟಾಗ ಅವು ಒಂದನ್ನೊಂದು ಹಿಡಿದು ನಿಲ್ಲುತ್ತವೆ.

ಉದಾಹರಣೆಗೆ ನಿಮ್ಮ ಜೂನ್ ತಿಂಗಳ ಒಟ್ಟು ಸಂಬಳ 43,260 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಕಾರ್ಖಾನೆ ಪಿಎಫ್ ಲೆಕ್ಕವನ್ನು 15,000 ರೂಪಾಯಿಯ ಮಿತಿಗೆ ಹಿಡಿಯುತ್ತದೆಯಾದರೆ ಅದರ ಶೇ 12, ಅಂದರೆ 1,800 ರೂಪಾಯಿ, ನಿಮ್ಮ ಪಾಲಾಗಿ ಕಡಿತವಾಗುತ್ತದೆ. ಕರ್ನಾಟಕದ ವೃತ್ತಿ ತೆರಿಗೆ 200 ರೂಪಾಯಿ. ಬೇರೆ ಕಡಿತಗಳಿಲ್ಲದಿದ್ದರೆ ಕೈಗೆ ಬರುವುದು 41,260. ಈಗ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾರ್ಖಾನೆಯ ಹೆಸರಿನಿಂದ ಜಮೆಯಾದ ಮೊತ್ತ ರೂಪಾಯಿಗೆ ರೂಪಾಯಿ 41,260 ಇರಬೇಕು. ಪಾಸ್‌ಬುಕ್ಕಿನ ಅದೇ ತಿಂಗಳ ಸಾಲಿನಲ್ಲಿ ನಿಮ್ಮ ಪಾಲು 1,800, ಉದ್ಯೋಗದಾತರ ಪಾಲು 550, ಪಿಂಚಣಿಗೆ 1,250 ಎಂದಿರಬೇಕು. ಉದ್ಯೋಗದಾತರ 1,800ರಲ್ಲಿ ಪಿಂಚಣಿಯ ಭಾಗ ಬೇರೆಯಾಗುವುದರಿಂದ ಆ ಎರಡು ಅಂಕಿಗಳು ಹಾಗೆ ಒಡೆದು ಕಾಣುತ್ತವೆ. ಮೂರು ತಿಂಗಳು ಹೀಗೆ ಮೂರೂ ಕಡೆ ತಾಳೆಯಾದ ಮೇಲೆ, ಇವರು ಅಲ್ಲಿ ಕೆಲಸದಲ್ಲಿಲ್ಲ ಅಥವಾ ಸಂಬಳ ಸುಳ್ಳು ಎಂದು ಪ್ರಾಮಾಣಿಕ ಪರಿಶೀಲಕರು ಹೇಳಲಾರರು. ಪಾಸ್‌ಬುಕ್ ಒಂದರಿಂದಲೇ ನಿಮ್ಮ ಪೂರ್ಣ ಸಂಬಳ ತಿಳಿಯುವುದಿಲ್ಲ ಎಂಬುದನ್ನೂ ಗಮನಿಸಿ, ಅಲ್ಲಿ ಮಿತಿಯ 15,000 ಮಾತ್ರ ಕಾಣಬಹುದು. ಆದ್ದರಿಂದ ಮೂರನ್ನೂ ಒಟ್ಟಿಗೇ ಕೊಡಿ.

ಸೇರಿದ ದಿನಾಂಕಕ್ಕೆ ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ "View" ಅಡಿಯಲ್ಲಿ ಬರುವ "Service History" ಪುಟ ಸಾಕು. ಅದರಲ್ಲಿ ಸಂಸ್ಥೆಯ ಹೆಸರು, ಸೇರಿದ ದಿನಾಂಕ ಇರುತ್ತವೆ, ಬಿಟ್ಟ ದಿನಾಂಕದ ಜಾಗ ಖಾಲಿ ಇರುತ್ತದೆ. ಆ ಖಾಲಿ ಜಾಗವೇ ನೀವು ಇನ್ನೂ ಅಲ್ಲಿ ಇದ್ದೀರಿ ಎನ್ನುವುದಕ್ಕೆ ಸೂಚನೆ. ಒಂದು ತಿಂಗಳ ಪಿಎಫ್ ವಿವರವನ್ನು ಉದ್ಯೋಗದಾತರು ಮುಂದಿನ ತಿಂಗಳ 15ರೊಳಗೆ ಸಲ್ಲಿಸಬೇಕಾಗಿರುವುದರಿಂದ ತೀರ ಇತ್ತೀಚಿನ ತಿಂಗಳು ಪಾಸ್‌ಬುಕ್ಕಿನಲ್ಲಿ ಕಾಣದೇ ಇರಬಹುದು. ಅದನ್ನು ನೀವೇ ಮುಂಚಿತವಾಗಿ ತಿಳಿಸಿಬಿಟ್ಟರೆ ಪರಿಶೀಲಕರು ಅದಕ್ಕಾಗಿ ಕಾರ್ಖಾನೆಗೆ ಫೋನ್ ಮಾಡುವ ನೆಪ ಉಳಿಯುವುದಿಲ್ಲ.

ದಾಖಲೆ ಕೊಡುವಾಗಲೂ ಮಿತಿ ಇರಲಿ. ಪಿಡಿಎಫ್‌ಗಳನ್ನು ನೀವೇ ಡೌನ್‌ಲೋಡ್ ಮಾಡಿ ಕಳಿಸಿ. ಪಿಎಫ್ ಪೋರ್ಟಲ್‌ನ ಪಾಸ್‌ವರ್ಡನ್ನಾಗಲೀ ಫೋನಿಗೆ ಬರುವ ಒಟಿಪಿಯನ್ನಾಗಲೀ ಕನ್ಸಲ್ಟೆನ್ಸಿಯವರಿಗೆ ಹೇಳಬೇಡಿ, ಆ ಖಾತೆಯಲ್ಲಿ ಇರುವುದು ನಿಮ್ಮ ಹಣ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಂಬಳದ ಸಾಲುಗಳನ್ನು ಬಿಟ್ಟು ಉಳಿದ ಖರ್ಚುಗಳನ್ನು ಮರೆಮಾಡಬಹುದೇ ಎಂದು ಮೊದಲೇ ಕೇಳಿ ಮರೆಮಾಡಿ. ಕೇಳದೆ ಮಾಡಿದರೆ ತಿದ್ದಿದ ದಾಖಲೆ ಎಂಬ ಅನುಮಾನ ಹುಟ್ಟೀತು.

ದಾಖಲೆಗಳಿಂದ ತಿಳಿಯದ ಒಂದು ವಿಷಯ ಇದ್ದೇ ಇದೆ: ನೀವು ಹೇಗೆ ಕೆಲಸ ಮಾಡುತ್ತೀರಿ ಎಂಬುದು. ಅದನ್ನು ತಿಳಿಯಬೇಕೆನ್ನುವುದು ಹೊಸ ಕಂಪನಿಯ ಸಹಜವಾದ ಅಪೇಕ್ಷೆ, ಅದಕ್ಕೂ ನೀವು ಉತ್ತರ ಕೊಡಬೇಕು. ಈ ನಾಲ್ಕು ವರ್ಷಗಳಲ್ಲಿ ನಿಮ್ಮ ಮೇಲಿದ್ದು ಈಗ ಆ ಕಾರ್ಖಾನೆಯನ್ನು ಬಿಟ್ಟು ಹೋಗಿರುವ ಹಿರಿಯರು ಯಾರಾದರೂ ಇದ್ದರೆ ಅವರೇ ಸರಿಯಾದ ವ್ಯಕ್ತಿ. ಅವರಿಗೆ ಮೊದಲು ನೀವೇ ಫೋನ್ ಮಾಡಿ, ಯಾರಿಂದ ಕರೆ ಬರಬಹುದು ಎಂಬುದನ್ನು ಹೇಳಿ, ವಿಷಯ ಹಳೆಯ ಕಾರ್ಖಾನೆಯ ಯಾರಿಗೂ ಹೋಗಬಾರದೆಂದು ಸ್ಪಷ್ಟ ಮಾತಿನಲ್ಲಿ ಕೇಳಿಕೊಳ್ಳಿ. ಇದನ್ನು ಬಾಯಿಬಿಟ್ಟು ಹೇಳಲೇಬೇಕು, ಏಕೆಂದರೆ ಅವರಿಗೂ ನಿಮ್ಮ ಈಗಿನ ಮ್ಯಾನೇಜರ್‌ಗೂ ಇನ್ನೂ ಒಡನಾಟ ಇರಬಹುದು, ಕೆಟ್ಟ ಉದ್ದೇಶವಿಲ್ಲದೆಯೇ ಹಬ್ಬದ ದಿನ ಶುಭಾಶಯ ಹೇಳುವಾಗ ಮಾತು ಜಾರಬಹುದು. ನಿಮ್ಮ ಕಾರ್ಖಾನೆಗೆ ಆರ್ಡರ್ ಕೊಡುವ ಗ್ರಾಹಕ ಕಂಪನಿಯವರ ಹೆಸರನ್ನು ಮಾತ್ರ ಕೊಡಬೇಡಿ, ಅದು ಮ್ಯಾನೇಜರ್ ನಂಬರನ್ನೇ ಕೊಟ್ಟಂತೆ.

ಇಷ್ಟನ್ನೂ ಸಿದ್ಧಮಾಡಿಕೊಂಡ ಮೇಲೆ ಉತ್ತರ ಬರೆಯಿರಿ. ಬರಿಯ "ಕೊಡುವುದಿಲ್ಲ" ಎಂಬ ಉತ್ತರ ಬೇಡ. ಏನನ್ನು ಈಗ ಕೊಡುತ್ತೀರಿ, ಏನನ್ನು ಯಾವಾಗ ಕೊಡುತ್ತೀರಿ ಎಂಬುದೆರಡೂ ಒಂದೇ ಪತ್ರದಲ್ಲಿ ಇರಲಿ. ನೀವು ಇಂಗ್ಲಿಷಿನಲ್ಲಿ ಬರೆಯುವಿರಾದರೂ ಸಾರ ಹೀಗಿರಲಿ:

"ಹಿನ್ನೆಲೆ ಪರಿಶೀಲನೆಗೆ ನನ್ನ ಪೂರ್ಣ ಒಪ್ಪಿಗೆ ಇದೆ. ನಾನು ಕೆಲಸ ಬದಲಿಸುತ್ತಿರುವ ವಿಷಯವನ್ನು ಈಗಿನ ಸಂಸ್ಥೆಗೆ ಇನ್ನೂ ತಿಳಿಸಿಲ್ಲವಾದ್ದರಿಂದ ಅಲ್ಲಿಯ ಯಾರನ್ನೂ ಸದ್ಯ ಸಂಪರ್ಕಿಸಲು ಒಪ್ಪಿಗೆ ಇಲ್ಲ. ಈಗಿನ ಉದ್ಯೋಗದ ಪುರಾವೆಗಾಗಿ ನೇಮಕಾತಿ ಪತ್ರ, ಮೂರು ತಿಂಗಳ ಸಂಬಳದ ಸ್ಲಿಪ್, ಅವೇ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಪಿಎಫ್ ದಾಖಲೆಗಳನ್ನು ಲಗತ್ತಿಸಿದ್ದೇನೆ. ನನ್ನ ಹಿಂದಿನ ಮೇಲಧಿಕಾರಿಯೊಬ್ಬರು ನನ್ನ ಕೆಲಸದ ಬಗ್ಗೆ ಮಾತನಾಡಲು ಒಪ್ಪಿದ್ದಾರೆ. ಲಿಖಿತ ಆಫರ್ ಸಿಕ್ಕಿ, ನನ್ನ ರಾಜೀನಾಮೆ ಅಂಗೀಕಾರವಾದ ನಂತರ ಈಗಿನ ಸಂಸ್ಥೆಯ ಎಚ್‌ಆರ್ ವಿವರಗಳನ್ನು ನಾನೇ ಕಳಿಸುತ್ತೇನೆ. ಈ ಮಿತಿಯನ್ನು ಪರಿಶೀಲನೆಯ ಏಜೆನ್ಸಿಗೂ ತಿಳಿಸಿ, ತಿಳಿಸಿದ್ದೀರೆಂದು ಉತ್ತರ ಕೊಡಬೇಕೆಂದು ಕೋರುತ್ತೇನೆ."

ಕೊನೆಯ ಸಾಲನ್ನು ಬಿಡಬೇಡಿ. ಮೇಲೆ ನಾನು ಹೇಳಿದ ನನ್ನ ತಪ್ಪು ನಡೆದದ್ದು ಆ ಒಂದು ಸಾಲು ಇಲ್ಲದ್ದರಿಂದ. ಈ ಪತ್ರವನ್ನು ನಿಮ್ಮ ಸ್ವಂತ ಇಮೇಲ್‌ನಿಂದ, ಸ್ವಂತ ಫೋನಿನಿಂದ ಕಳಿಸಿ. ಕಾರ್ಖಾನೆಯ ಲ್ಯಾಪ್‌ಟಾಪಿನಲ್ಲಿ ವೆರಿಫಿಕೇಶನ್ ಲಿಂಕನ್ನು ತೆರೆಯಲೂ ಬೇಡಿ.

ಪತ್ರದ ಪ್ರತಿ ಕನ್ಸಲ್ಟೆನ್ಸಿಗೆ ಮಾತ್ರವಲ್ಲದೆ ಹೊಸ ಕಂಪನಿಯ ಎಚ್‌ಆರ್‌ಗೂ ಹೋಗಬೇಕು. ಇಂಟರ್‌ವ್ಯೂಗೆ ಕರೆದ ಇಮೇಲ್‌ನಲ್ಲಿ ಅವರ ವಿಳಾಸ ಇರುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಆಫರ್‌ಗೆ ಮುಂಚೆಯೇ ಈಗಿನ ಮ್ಯಾನೇಜರ್ ಜೊತೆ ಮಾತಾಡಲೇಬೇಕು ಎಂಬುದು ಆ ಕಂಪನಿಯ ನಿಯಮವೋ ಅಥವಾ ಕನ್ಸಲ್ಟೆನ್ಸಿಯ ಒಬ್ಬರ ಆತುರವೋ ನಿಮಗೆ ಗೊತ್ತಿಲ್ಲ. ಕನ್ಸಲ್ಟೆನ್ಸಿಗೆ ಹಣ ಬರುವುದು ನೀವು ಸೇರಿದ ಮೇಲೆ, ಆದ್ದರಿಂದ ಫಾರ್ಮಿನ ಎಲ್ಲ ಖಾನೆಗಳೂ ಬೇಗ ತುಂಬಲಿ ಎಂಬ ಅವಸರ ಅವರಿಗಿರುತ್ತದೆ. ಇನ್ನೂ ಕೆಲವರು ಹೀಗೆ ಸಿಕ್ಕ ಮ್ಯಾನೇಜರ್ ನಂಬರುಗಳಿಗೆ ಆಮೇಲೆ ಕರೆ ಮಾಡಿ, ನಿಮ್ಮಲ್ಲಿ ಖಾಲಿ ಹುದ್ದೆ ಇದೆಯೇ ಎಂದು ವಿಚಾರಿಸುವುದೂ ಉಂಟು. ಕಂಪನಿಯ ಎಚ್‌ಆರ್ ಅವರನ್ನೇ ಕೇಳಿದಾಗ ಬಹುಪಾಲು "ಅದು ಸೇರಿದ ಮೇಲೆ ಆಗಲಿ, ತೊಂದರೆ ಇಲ್ಲ" ಎಂಬ ಉತ್ತರವೇ ಬರುವುದನ್ನು ನಾನು ಕಂಡಿದ್ದೇನೆ. ಒಂದು ವೇಳೆ ಅದು ನಿಜಕ್ಕೂ ಅವರ ನಿಯಮವೇ ಆಗಿದ್ದರೆ ಪರಿಶೀಲನೆಗೆ ಒಳಪಟ್ಟ ಆಫರ್ ಲೆಟರನ್ನು ಮೊದಲು ಕೊಡಲು ಕೇಳಿ. ಅದಕ್ಕೂ ಒಪ್ಪದೆ, ಲಿಖಿತವಾಗಿ ಏನನ್ನೂ ಕೊಡದೆ ನಿಮ್ಮ ಇರುವ ಕೆಲಸವನ್ನು ಪಣಕ್ಕಿಡಲು ಹೇಳುವ ಕಂಪನಿಯಾದರೆ, ಆ ಅವಕಾಶವನ್ನು ಬಿಡುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಆಫರ್ ಬಂದ ಕೂಡಲೇ ರಾಜೀನಾಮೆ ಕೊಡುವ ಮೊದಲು ಇನ್ನೊಂದು ಹೆಜ್ಜೆ ಇದೆ, ಇದನ್ನು ಅನೇಕರು ಮರೆಯುತ್ತಾರೆ. ನಿಮ್ಮ ಆಫರ್ ಪರಿಶೀಲನೆಗೆ ಒಳಪಟ್ಟಿದ್ದಾಗಿರುತ್ತದೆ. ನೀವು ರಾಜೀನಾಮೆ ಕೊಟ್ಟ ನಂತರ ಎಲ್ಲೋ ಹಳೆಯ ಮಾರ್ಕ್ಸ್‌ಕಾರ್ಡಿನ ವಿಷಯದಲ್ಲಿ ತಕರಾರು ಎದ್ದರೆ ಎರಡೂ ಕಡೆಯ ನೆಲ ಕುಸಿಯುತ್ತದೆ. ಆದ್ದರಿಂದ ಈಗಿನ ಉದ್ಯೋಗದಾತರನ್ನು ಬಿಟ್ಟು ಉಳಿದ ಎಲ್ಲ ಪರಿಶೀಲನೆಯೂ ಮುಗಿದಿದೆ, ತಕರಾರಿಲ್ಲ ಎಂದು ಎಚ್‌ಆರ್‌ನಿಂದ ಒಂದು ಇಮೇಲ್ ಪಡೆಯಿರಿ. ಅದಾದ ಮೇಲೆ ರಾಜೀನಾಮೆ ಕೊಟ್ಟು, ಅಂಗೀಕಾರವನ್ನು ಬರವಣಿಗೆಯಲ್ಲಿ ಪಡೆದು, ಆಮೇಲೆ ಕಾರ್ಖಾನೆಯ ಎಚ್‌ಆರ್ ವಿವರವನ್ನು ಮಾತ್ರ ಕೊಡಿ. ದಿನಾಂಕ, ಹುದ್ದೆ, ಸಂಬಳಗಳನ್ನು ದೃಢಪಡಿಸಬೇಕಾದವರು ಅವರು. ಮ್ಯಾನೇಜರ್ ಅವರ ಖಾಸಗಿ ಮೊಬೈಲ್ ನಂಬರನ್ನು ಆಗಲೂ ಅವರನ್ನು ಕೇಳಿಯೇ ಕೊಡುವುದು ಮರ್ಯಾದೆ, ಅದು ಅವರ ವೈಯಕ್ತಿಕ ಮಾಹಿತಿ. ಸಣ್ಣ ಕಾರ್ಖಾನೆಗಳಲ್ಲಿ ಎಚ್‌ಆರ್ ಇಮೇಲನ್ನು ಮಾಲೀಕರ ಮನೆಯವರೇ ತೆರೆಯುವುದುಂಟು. ಆದ್ದರಿಂದ ರಾಜೀನಾಮೆಗೆ ಮೊದಲು "ಮ್ಯಾನೇಜರ್ ಬೇಡ, ಎಚ್‌ಆರ್‌ಗೆ ಬರೆಯುತ್ತೇವೆ" ಎಂಬ ಸಲಹೆ ಬಂದರೂ ಒಪ್ಪಬೇಡಿ.

ಒಂದು ಎಚ್ಚರಿಕೆಯನ್ನು ಖಡಾಖಂಡಿತವಾಗಿ ಹೇಳಬೇಕಾಗಿದೆ. ಸಹೋದ್ಯೋಗಿಯ ನಂಬರನ್ನು ಮ್ಯಾನೇಜರ್ ನಂಬರೆಂದು ಕೊಡುವ ಉಪಾಯವನ್ನು ಸ್ನೇಹಿತರು ಖಂಡಿತ ಹೇಳುತ್ತಾರೆ. ಮಾಡಬೇಡಿ. ಏಜೆನ್ಸಿಯವರು ಅಧಿಕೃತ ಇಮೇಲ್‌ನಿಂದ ಉತ್ತರ ಕೇಳಿದಾಗಲೋ ಹುದ್ದೆಯನ್ನು ತಾಳೆ ನೋಡಿದಾಗಲೋ ಅದು ಬಯಲಾಗುತ್ತದೆ. ಸೇರಿದ ಆರು ತಿಂಗಳ ನಂತರ ಬಯಲಾದರೂ ಕೆಲಸದಿಂದ ತೆಗೆಯಲು ಅದೊಂದೇ ಕಾರಣ ಸಾಕು. ಮಾಹಿತಿಯನ್ನು ತಡೆಹಿಡಿಯುವುದು ನಿಮ್ಮ ಹಕ್ಕಿನೊಳಗಿನ ಮಾತು, ತಪ್ಪು ಮಾಹಿತಿ ಕೊಡುವುದು ವಂಚನೆ.

ಹಕ್ಕು ಎಂದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಎಂದರೆ ಮುಕ್ತವಾದ, ನಿರ್ದಿಷ್ಟವಾದ, ಹಿಂಪಡೆಯಬಹುದಾದ ಒಪ್ಪಿಗೆ ಎನ್ನುತ್ತದೆ. ಅದರ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು ಅದಾಗಿ 18 ತಿಂಗಳಿಗೆ. ಹಾಗಾಗಿ ಇವತ್ತು ಕಾಯ್ದೆಯ ಹೆಸರು ಹೇಳಿ ಹೆದರಿಸುವುದರಿಂದ ಹೆಚ್ಚೇನೂ ಆಗದು. ಮೇಲಿನ ಪತ್ರವೇ ನಿಮ್ಮ ಮುಖ್ಯ ರಕ್ಷಣೆ.

ನೀವು ಈಗಾಗಲೇ ಫಾರ್ಮು ತುಂಬಿಬಿಟ್ಟಿದ್ದರೆ ಇವತ್ತೇ ಮೂರೂ ಪಕ್ಷಗಳಿಗೆ ಒಂದೇ ಇಮೇಲ್ ಬರೆದು, ಈಗಿನ ಸಂಸ್ಥೆಯನ್ನು ಸಂಪರ್ಕಿಸುವ ಒಪ್ಪಿಗೆಯನ್ನು ಹಿಂಪಡೆದಿದ್ದೇನೆ, ಆ ವಿವರ ಅಳಿಸಿ, ಆ ಒಂದು ಪರಿಶೀಲನೆಯನ್ನು ತಡೆಹಿಡಿಯಿರಿ ಎಂದು ತಿಳಿಸಿ. ಲಿಂಕ್ ಬಂದ ಇಮೇಲ್‌ನಲ್ಲಿ ಏಜೆನ್ಸಿಯ ಸಹಾಯವಾಣಿ ಇದ್ದರೆ ಕೇಸ್ ನಂಬರ್ ಹೇಳಿ ಫೋನನ್ನೂ ಮಾಡಿ. ಕರೆ ಹೋಗಿಬಿಟ್ಟಿದೆ ಎಂದು ತಿಳಿದರೆ ಮ್ಯಾನೇಜರ್ ಕೇಳುವವರೆಗೆ ಕಾಯದೆ ನೀವೇ ಹೋಗಿ, ಒಂದು ಅವಕಾಶ ಬಂದಿತ್ತು, ಮಾತುಕತೆ ನಡೆದಿದೆ, ಇನ್ನೂ ಏನೂ ತೀರ್ಮಾನವಾಗಿಲ್ಲ, ಕೈಯಲ್ಲಿರುವ ಕೆಲಸವನ್ನು ನಾನು ಅರ್ಧಕ್ಕೆ ಬಿಡುವುದಿಲ್ಲ ಎಂದು ಹೇಳಿ. ಇದೆಲ್ಲವೂ ನಿಜವಾದ್ದರಿಂದ ಮುಂದೆ ಯಾವ ಮಾತನ್ನೂ ತಿದ್ದಿಕೊಳ್ಳಬೇಕಾಗಿ ಬರುವುದಿಲ್ಲ. ಹೊಸ ಕಂಪನಿಯ ಎಚ್‌ಆರ್‌ಗೂ ಅಂದೇ ಬರೆದು, ಈಗಿನ ಸಂಸ್ಥೆಗೆ ಕರೆ ಹೋಗಿಬಿಟ್ಟಿದೆ, ಆದ್ದರಿಂದ ಆಫರ್ ಲೆಟರನ್ನು ತಡಮಾಡದೆ ಕೊಡಿ ಎಂದು ಕೇಳಿ.